ಪಾರ್ಕಿಂಗ್ ಜಾಗಕ್ಕೊಂದು ಚಾರ್ಜಿಂಗ್ ಪಾಯಿಂಟ್: ಅರ್ಜಿಯ ಹಿಂದಿನ ಭೌತವಿಜ್ಞಾನ

ವಿದ್ಯುತ್ ಕಾರು ಕೊಳ್ಳುವುದು ಈಗ ಕಷ್ಟದ ಕೆಲಸವಲ್ಲ. ಅದನ್ನು ನಿಲ್ಲಿಸುವ ಜಾಗಕ್ಕೆ ವಿದ್ಯುತ್ ತರುವುದೇ ಕಷ್ಟ. ಸ್ವಂತ ಮನೆಯಿದ್ದವರು ಎಲೆಕ್ಟ್ರೀಷಿಯನ್ನನ್ನು ಕರೆಸಿ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿಕೊಳ್ಳುತ್ತಾರೆ. ಅಪಾರ್ಟ್‌ಮೆಂಟಿನಲ್ಲಿರುವವರು ಮಾತ್ರ ನಿವಾಸಿಗಳ ಸಂಘಕ್ಕೆ ಅರ್ಜಿ ಬರೆಯಬೇಕು. ಮೀಟರ್ ಇರುವ ಕೋಣೆ, ಕೇಬಲ್ ಹಾದುಹೋಗುವ ಗೋಡೆ, ನೆಲಮಾಳಿಗೆಯ ಸೂರು ಎಲ್ಲವೂ ಎಲ್ಲರ ಸ್ವತ್ತು.

ಬೆಂಗಳೂರಿನಲ್ಲಿ ಕಾಣಸಿಗುವಂಥ ಒಂದು ಸಮುಚ್ಚಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 64 ಮನೆಗಳು, ಪ್ರತಿ ಮನೆಗೂ ಪ್ರತ್ಯೇಕ ಮೀಟರ್, ಮಂಜೂರಾದ ಲೋಡ್ ಮನೆಯೊಂದಕ್ಕೆ 4 ಕಿಲೋವಾಟ್. ಆವರಣದ ಮೂಲೆಯಲ್ಲಿ 250 ಕೆವಿಎ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಇದೆ. ಅಲ್ಲಿರುವ ಪ್ರೌಢಶಾಲಾ ಶಿಕ್ಷಕಿಯೊಬ್ಬರು 30 ಯೂನಿಟ್ ಬ್ಯಾಟರಿಯ ಕಾರು ಕೊಂಡಿದ್ದಾರೆ. ಶಾಲೆಗೆ ಹೋಗಿಬರಲು ದಿನಕ್ಕೆ 40 ಕಿಲೋಮೀಟರ್. ಚಾರ್ಜಿಂಗ್ ಪಾಯಿಂಟ್‌ಗೆ ಅನುಮತಿ ಕೇಳಿ ನಾಲ್ಕು ಸಾಲಿನ ಪತ್ರ ಕೊಟ್ಟರು. ಸಂಘದಿಂದ ಬಂದ ಉತ್ತರವೂ ಚಿಕ್ಕದೇ: "ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ನಿಮಗೊಬ್ಬರಿಗೆ ಕೊಟ್ಟರೆ ನಾಳೆ ಎಲ್ಲರಿಗೂ ಕೊಡಬೇಕಾಗುತ್ತದೆ."

ಈ ಉತ್ತರವನ್ನು ಹಟವೆಂದು ತಳ್ಳಿಹಾಕಬೇಡಿ. ಎರಡನೆಯ ವಾಕ್ಯದಲ್ಲಿ ನಿಜವಾದ ಪ್ರಶ್ನೆ ಇದೆ. ಒಂದು ಕಾರಿಗೆ ಬೇಕಾಗುವ ವಿದ್ಯುತ್ತು ಎರಡು ಗೀಸರ್‌ಗಳಿಗೆ ಬೇಕಾಗುವುದಕ್ಕಿಂತ ಕಡಿಮೆ. ಅದರಿಂದ ಯಾವ ಟ್ರಾನ್ಸ್‌ಫಾರ್ಮರೂ ಕುಸಿಯದು. ಆದರೆ ಮೊದಲು ಬಂದ ಹತ್ತು ಜನ ಇರುವ ಅವಕಾಶವನ್ನೆಲ್ಲ ಬಳಸಿಕೊಂಡು, ಹನ್ನೊಂದನೆಯವರಿಗೆ "ಜಾಗವಿಲ್ಲ" ಎಂದು ಹೇಳಬೇಕಾಗಿ ಬಂದರೆ? ಸಂಘದ ಕಾರ್ಯದರ್ಶಿ ಹೆದರುವುದು ಈ ಜಗಳಕ್ಕೆ. ಹಾಗಾಗಿ ಒಳ್ಳೆಯ ಅರ್ಜಿ ಮೊದಲನೆಯ ಕಾರಿನ ಬಗ್ಗೆ ಮಾತಾಡಿದರೆ ಸಾಲದು. ಅರವತ್ತನಾಲ್ಕನೆಯ ಕಾರಿನ ಲೆಕ್ಕವನ್ನೂ ಅದು ಕೊಡಬೇಕು. ಪಿ.ಯು. ತರಗತಿಯ ಭೌತವಿಜ್ಞಾನ ಇದಕ್ಕೆ ಸಾಕು.

ಶಕ್ತಿ ಬೇರೆ, ಸಾಮರ್ಥ್ಯ ಬೇರೆ

ಈ ಗಾತ್ರದ ಕಾರು ಕಿಲೋಮೀಟರಿಗೆ ಸುಮಾರು 150 ವಾಟ್-ಗಂಟೆ ಶಕ್ತಿಯನ್ನು ಬಳಸುತ್ತದೆ ಎಂದುಕೊಳ್ಳಿ. 40 ಕಿಲೋಮೀಟರಿಗೆ 6 ಯೂನಿಟ್ ಆಯಿತು. ಪರ್ಯಾಯ ಪ್ರವಾಹವನ್ನು ನೇರ ಪ್ರವಾಹವಾಗಿ ಬದಲಿಸುವಾಗ, ಬ್ಯಾಟರಿ ತುಂಬಿಸುವಾಗ ಹತ್ತರಲ್ಲೊಂದು ಪಾಲಿನಷ್ಟು ಶಾಖವಾಗಿ ಹೋಗುತ್ತದೆ. ಆದ್ದರಿಂದ ಗೋಡೆಯಿಂದ ಎಳೆದುಕೊಳ್ಳುವುದು ದಿನಕ್ಕೆ 6.7 ಯೂನಿಟ್. 230 ವೋಲ್ಟ್, 15 ಆಂಪಿಯರ್‌ಗಳ ಸಂಪರ್ಕದಿಂದ ಸಿಗುವ ಸಾಮರ್ಥ್ಯ 3,450 ವಾಟ್. ಅಂದರೆ ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಕಾರು ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಹನ್ನೆರಡು ಗಂಟೆ ಸುಮ್ಮನೆ ನಿಂತಿರುತ್ತದೆ ಎಂಬುದನ್ನು ಮರೆಯಬೇಡಿ. ಬೇಕಾದದ್ದು ಎರಡು ಗಂಟೆ, ಇರುವುದು ಹನ್ನೆರಡು ಗಂಟೆ. ಈ ಅಂತರದಲ್ಲೇ ಪರಿಹಾರವಿದೆ.

ಟ್ರಾನ್ಸ್‌ಫಾರ್ಮರಿಗೆ ತಿಂಗಳ ಯೂನಿಟ್ಟುಗಳ ಲೆಕ್ಕ ಬೇಕಿಲ್ಲ. ಯಾವ ಕ್ಷಣದಲ್ಲಿ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬುದಷ್ಟೇ ಅದಕ್ಕೆ ಬೇಕು. ಏಕೆಂದರೆ ಸುರುಳಿಗಳಲ್ಲಿ ಹುಟ್ಟುವ ಶಾಖ I²R. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಸ್ವಲ್ಪ ಹೊತ್ತಿನ ಅತಿಭಾರದಿಂದ ಅದು ಕೂಡಲೇ ಸುಟ್ಟುಹೋಗುವುದಿಲ್ಲ. ಒಳಗಿನ ಎಣ್ಣೆ ಬಿಸಿಯಾಗಲು ಗಂಟೆಗಳೇ ಬೇಕು. ಆದರೆ ಪ್ರತಿದಿನ ಮಿತಿ ಮೀರಿದರೆ ಸುರುಳಿಗೆ ಸುತ್ತಿದ ಕಾಗದದ ನಿರೋಧಕ ಹೊದಿಕೆ ಬೇಗ ಹಣ್ಣಾಗುತ್ತದೆ. ಅತಿ ಬಿಸಿಯಾದ ಬಿಂದುವಿನ ಉಷ್ಣತೆ ಪ್ರತಿ 6 ಡಿಗ್ರಿ ಏರಿದಾಗಲೂ ಈ ಮುಪ್ಪಿನ ವೇಗ ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ನಿಯಮ.

ಊಹಿಸಬೇಡಿ, ಅಳೆಯಿರಿ

"ಈಗಾಗಲೇ ಭರ್ತಿಯಾಗಿದೆ" ಎಂದು ಸಂಘದವರು ಹೇಳುವುದು ಸಾಮಾನ್ಯವಾಗಿ ಒಂದು ಗುಣಾಕಾರದ ಮೇಲೆ: 64 ಮನೆ, ತಲಾ 4 ಕಿಲೋವಾಟ್, ಒಟ್ಟು 256. ಟ್ರಾನ್ಸ್‌ಫಾರ್ಮರ್ 250. ಕಾಗದದ ಮೇಲೆ ಇದು ಮೊದಲ ದಿನದಿಂದಲೇ ತುಂಬಿಹೋಗಿದೆ! ಹಾಗಿದ್ದೂ ಅದು ವರ್ಷಗಟ್ಟಲೆ ನೆಮ್ಮದಿಯಿಂದ ಕೆಲಸ ಮಾಡುತ್ತಿರುವುದೇಕೆ? ಎಲ್ಲ ಮನೆಯವರೂ ಒಂದೇ ನಿಮಿಷದಲ್ಲಿ ಗೀಸರ್, ಇಸ್ತ್ರಿ ಪೆಟ್ಟಿಗೆ, ಮಿಕ್ಸಿ ಎಲ್ಲವನ್ನೂ ಹಾಕುವುದಿಲ್ಲ. ವಿನ್ಯಾಸಕಾರರು ಇದನ್ನು ನೆಚ್ಚಿಕೊಂಡೇ ಟ್ರಾನ್ಸ್‌ಫಾರ್ಮರ್ ಆರಿಸಿರುತ್ತಾರೆ.

ನಿಜವಾದ ಭಾರ ತಿಳಿಯಲು ಪ್ಯಾನೆಲ್ ಕೋಣೆಗೆ ಹೋಗಿ. ಮುಖ್ಯ ಪ್ಯಾನೆಲ್ಲಿನ ಮುಖದ ಮೇಲೆ ಒಂದು ಆಮೀಟರ್, ಅದರ ಕೆಳಗೆ ಆರ್, ವೈ, ಬಿ ಎಂದು ಗುರುತು ಮಾಡಿದ ತಿರುಗಿಸುವ ಸ್ವಿಚ್ ಬಹುಪಾಲು ಕಡೆ ಇರುತ್ತದೆ. ಪ್ಯಾನೆಲ್ ತೆರೆಯದೆಯೇ ಮೂರು ಫೇಸ್‌ಗಳ ಪ್ರವಾಹವನ್ನೂ ಓದಿಕೊಳ್ಳಬಹುದು. ಆಮೀಟರ್ ಕೆಟ್ಟಿದ್ದರೆ ಪರವಾನಗಿ ಪಡೆದ ಎಲೆಕ್ಟ್ರೀಷಿಯನ್ ಕ್ಲ್ಯಾಂಪ್ ಮೀಟರಿನಿಂದ ಅಳೆದುಕೊಡಲಿ. ಜೀವಂತ ಪ್ಯಾನೆಲ್ಲಿಗೆ ನೀವು ಕೈ ಹಾಕಬೇಡಿ. ಒಂದು ವಾರ, ಅರ್ಧ ಗಂಟೆಗೊಮ್ಮೆ, ಸಂಜೆ ಆರರಿಂದ ಹನ್ನೊಂದರವರೆಗೆ, ಬೆಳಿಗ್ಗೆ ಐದೂವರೆಯಿಂದ ಒಂಬತ್ತರವರೆಗೆ ಬರೆದಿಟ್ಟರೆ ಸಾಕು. ನಡುರಾತ್ರಿಯ ಒಂದೆರಡು ಅಂಕಿಗಳನ್ನು ಕಾವಲುಗಾರರು ಬರೆದುಕೊಡಬಲ್ಲರು.

ನಮ್ಮ ಉದಾಹರಣೆಯ ಸಮುಚ್ಚಯದ ಅಂಕಿಗಳು ಹೀಗಿವೆ ಎನ್ನೋಣ. ರಾತ್ರಿ 8ಕ್ಕೆ ಆರ್, ವೈ, ಬಿ ಫೇಸ್‌ಗಳಲ್ಲಿ ಕ್ರಮವಾಗಿ 150, 120, 170 ಆಂಪಿಯರ್. ನಡುರಾತ್ರಿ ಕಳೆದು 2 ಗಂಟೆಗೆ 52, 41, 58. ಬೆಳಿಗ್ಗೆ 7ಕ್ಕೆ 178, 142, 205. ಬೆಂಗಳೂರಿನವರಿಗೆ ಆಶ್ಚರ್ಯವೇನೂ ಆಗದು. ಇಲ್ಲಿ ದಿನದ ಗರಿಷ್ಠ ಭಾರ ಬೆಳಗಿನ ಸ್ನಾನದ ಹೊತ್ತಿನದು. ಚಳಿಗಾಲದಲ್ಲಿ ಗೀಸರ್, ಬೇಸಿಗೆಯಲ್ಲಿ ಹವಾನಿಯಂತ್ರಕ ಈ ಅಂಕಿಗಳನ್ನು ಮೇಲಕ್ಕೆ ತಳ್ಳುತ್ತವೆ. ಹಾಗಾಗಿ ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅಳೆದವರ ಲೆಕ್ಕ ಹೆಚ್ಚು ಗಟ್ಟಿ.

ಇನ್ನು ಮಿತಿ. 250 ಕೆವಿಎ ಟ್ರಾನ್ಸ್‌ಫಾರ್ಮರಿನ ದ್ವಿತೀಯಕ ಸುರುಳಿಯ ವೋಲ್ಟೇಜ್ 433. ಮೂರು ಫೇಸ್‌ಗಳ ಸೂತ್ರದಂತೆ 2,50,000 ಅನ್ನು √3 × 433 ರಿಂದ ಭಾಗಿಸಿದರೆ ಫೇಸ್ ಒಂದಕ್ಕೆ 333 ಆಂಪಿಯರ್. ಸುರಕ್ಷತೆಗೆಂದು ಅದರ ಶೇಕಡಾ 80, ಅಂದರೆ 266 ಆಂಪಿಯರ್, ದಾಟಬಾರದೆಂದು ನಾವೇ ಗೆರೆ ಎಳೆದುಕೊಳ್ಳೋಣ. ಬೆಳಗಿನ ಗರಿಷ್ಠ ಭಾರವೂ 205 ದಾಟಿಲ್ಲ. ಟ್ರಾನ್ಸ್‌ಫಾರ್ಮರ್ ಭರ್ತಿಯಾಗಿಲ್ಲ ಎಂಬುದು ಇಷ್ಟರಲ್ಲೇ ತಿಳಿಯಿತು.

ಅರವತ್ತನಾಲ್ಕನೆಯ ಕಾರು

ಈಗ ಸಂಘದವರ ಕೆಟ್ಟ ಕನಸನ್ನೇ ನಿಜವೆಂದುಕೊಳ್ಳೋಣ. 64 ಮನೆಗಳಲ್ಲೂ ವಿದ್ಯುತ್ ಕಾರು ಬಂದಿದೆ. ಎಲ್ಲರೂ 7.4 ಕಿಲೋವಾಟಿನ, ಅಂದರೆ 32 ಆಂಪಿಯರ್ ಎಳೆಯುವ ಚಾರ್ಜರ್ ಹಾಕಿಸಿದ್ದಾರೆ. ರಾತ್ರಿ 8ಕ್ಕೆ ಮನೆಗೆ ಬಂದವರೇ ಒಟ್ಟಿಗೆ ಸಿಕ್ಕಿಸುತ್ತಾರೆ. 64 ಅನ್ನು 32ರಿಂದ ಗುಣಿಸಿ ಮೂರು ಫೇಸ್‌ಗಳಿಗೆ ಹಂಚಿದರೆ ಒಂದೊಂದಕ್ಕೆ 683 ಆಂಪಿಯರ್. ಮನೆಗಳ 170 ಸೇರಿದರೆ 853. ಟ್ರಾನ್ಸ್‌ಫಾರ್ಮರಿನ ಪೂರ್ಣ ಸಾಮರ್ಥ್ಯದ ಎರಡೂವರೆ ಪಟ್ಟು! ಸಂಘದವರ ಭಯ ಸುಳ್ಳಲ್ಲ. 15 ಆಂಪಿಯರಿನ ಚಿಕ್ಕ ಚಾರ್ಜರುಗಳನ್ನೇ ಹಾಕಿದರೂ ಎಲ್ಲರೂ 8 ಗಂಟೆಗೇ ಆರಂಭಿಸಿದರೆ 320 ಮತ್ತು 170 ಸೇರಿ 490 ಆಂಪಿಯರ್. ಅದೂ ಆಗದು.

ಅದೇ 64 ಕಾರುಗಳ ಶಕ್ತಿಯ ಲೆಕ್ಕ ಮಾಡಿ ನೋಡಿ. ಒಂದಕ್ಕೆ 6.7 ಯೂನಿಟ್‌ನಂತೆ ಒಟ್ಟು 429 ಯೂನಿಟ್. ಇದನ್ನು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗಿನ ಆರು ಗಂಟೆಗಳಲ್ಲಿ ಸಮನಾಗಿ ಹರಡಿದರೆ ಸರಾಸರಿ 71.5 ಕಿಲೋವಾಟ್, ಫೇಸ್ ಒಂದಕ್ಕೆ ಸುಮಾರು 104 ಆಂಪಿಯರ್. ನಡುರಾತ್ರಿಯ 58ಕ್ಕೆ ಇದನ್ನು ಸೇರಿಸಿದರೆ 162. ಗಮನಿಸಿದಿರಾ? ಪ್ರತಿ ಮನೆಯಲ್ಲೂ ಕಾರು ಬಂದ ಮೇಲೂ ನಡುರಾತ್ರಿಯ ಭಾರ, ಈಗಾಗಲೇ ಪ್ರತಿದಿನ ಬೆಳಿಗ್ಗೆ ಗೀಸರುಗಳು ಹೇರುತ್ತಿರುವ 205 ಆಂಪಿಯರ್‌ಗಿಂತ ಕಡಿಮೆಯೇ!

ದಿನವೂ 40 ಕಿಲೋಮೀಟರ್ ಎಂಬುದು ಸರಾಸರಿ. ಭಾನುವಾರ ಮೈಸೂರಿಗೆ ಹೋಗಿ ಬರಿದಾದ ಬ್ಯಾಟರಿಯೊಂದಿಗೆ ಬಂದವರಿಗೆ 28 ಯೂನಿಟ್ ಬೇಕಾದೀತು. 15 ಆಂಪಿಯರಿನಲ್ಲಿ ಅದಕ್ಕೆ ಎಂಟು ಗಂಟೆ. ಅಂಥವರು ಒಂದಿಬ್ಬರಿದ್ದರೆ ಇಡೀ ರಾತ್ರಿ ಚಾರ್ಜ್ ಮಾಡಿಕೊಳ್ಳಲು ಮೇಲಿನ ಲೆಕ್ಕದಲ್ಲಿ ಸಾಕಷ್ಟು ಎಡೆಯಿದೆ.

ಹಾಗಾದರೆ ಎಲ್ಲರೂ ಕಾರಿನಲ್ಲೇ ಇರುವ ಟೈಮರನ್ನು ರಾತ್ರಿ 11ಕ್ಕೆ ಹೊಂದಿಸಿದರೆ ಮುಗಿಯಿತಲ್ಲವೇ? ಇಲ್ಲೊಂದು ಸೂಕ್ಷ್ಮವಿದೆ. ಟೈಮರ್ ಇಲ್ಲದಾಗ ಒಬ್ಬರು ಏಳಕ್ಕೆ, ಇನ್ನೊಬ್ಬರು ಒಂಬತ್ತಕ್ಕೆ ಬರುತ್ತಿದ್ದರು. ಭಾರ ತಾನಾಗಿಯೇ ಹರಡಿಕೊಳ್ಳುತ್ತಿತ್ತು. ಟೈಮರ್ 64 ಕಾರುಗಳನ್ನೂ ಹನ್ನೊಂದರ ಗಂಟೆಗೆ ಸರಿಯಾಗಿ ಒಟ್ಟಿಗೆ ಎಬ್ಬಿಸುತ್ತದೆ. ಒಮ್ಮೆಲೇ ಫೇಸ್‌ಗೆ 320 ಆಂಪಿಯರ್! ಸೇತುವೆಯ ಮೇಲೆ ಸೈನಿಕರು ಹೆಜ್ಜೆ ಹಾಕಿ ನಡೆದಂತೆ. ಆದ್ದರಿಂದ ಮೂರು ತಂಡ ಮಾಡಿ 11, 1, 3 ಗಂಟೆಗಳಿಗೆ ಹಂಚಬೇಕು. ಆಗ ಒಂದು ಹೊತ್ತಿಗೆ ಫೇಸ್‌ಗೆ ಏಳೆಂಟು ಕಾರು, ಹೆಚ್ಚೆಂದರೆ 120 ಆಂಪಿಯರ್. ಯಾವ ಕಾರು ಯಾವ ಫೇಸ್‌ಗೆ ಎಂಬುದನ್ನೂ ಬರೆದಿಡಬೇಕು. ಎಲೆಕ್ಟ್ರೀಷಿಯನ್ ಅನುಕೂಲಕ್ಕೆಂದು ಎಲ್ಲವನ್ನೂ ಬಿ ಫೇಸ್‌ಗೇ ಹಾಕಿಬಿಟ್ಟರೆ ಒಟ್ಟು ಲೆಕ್ಕ ಸರಿಯಿದ್ದೂ ಒಂದು ಸುರುಳಿ ಬೇಯುತ್ತದೆ.

ತಂಡಗಳ ಏರ್ಪಾಡು ಹತ್ತು ಹದಿನೈದು ಕಾರುಗಳವರೆಗೆ ಚೆನ್ನಾಗಿ ನಡೆಯುತ್ತದೆ. ಆಮೇಲೆ ಯಾರೋ ಮರೆಯುತ್ತಾರೆ, ಯಾರೋ ಮುರಿಯುತ್ತಾರೆ. ಆಗ ಬೇಕಾಗುವುದು ಯಂತ್ರವೇ ಮಾಡುವ ಹಂಚಿಕೆ. ಇದರ ಭೌತವಿಜ್ಞಾನ ತರಗತಿಯಲ್ಲಿ ವಿವರಿಸುವಷ್ಟು ಸೊಗಸಾಗಿದೆ.

ಕಾರು ಮತ್ತು ಚಾರ್ಜರ್ ಮಾತಾಡುವ ಬಗೆ

ಗೋಡೆಗೆ ಹಾಕುವ ಎಸಿ ಚಾರ್ಜರ್ ಎಂಬುದು ನಿಜಕ್ಕೂ ಚಾರ್ಜರ್ ಅಲ್ಲ. ನೇರ ಪ್ರವಾಹ ಮಾಡಿ ಬ್ಯಾಟರಿ ತುಂಬಿಸುವ ಸಾಧನ ಕಾರಿನೊಳಗೇ ಇದೆ. ಗೋಡೆಯ ಪೆಟ್ಟಿಗೆ ಒಂದು ಜಾಣ ಸ್ವಿಚ್ ಅಷ್ಟೆ. ಕಾರಿಗೆ ಹೋಗುವ ಕೇಬಲ್ಲಿನಲ್ಲಿ ಫೇಸ್, ನ್ಯೂಟ್ರಲ್, ಅರ್ತ್ ತಂತಿಗಳ ಜೊತೆಗೆ ಕಂಟ್ರೋಲ್ ಪೈಲಟ್ ಎಂಬ ಇನ್ನೊಂದು ಸಣ್ಣ ತಂತಿ ಇರುತ್ತದೆ. ಕೇಬಲ್ ಸಿಕ್ಕಿಸುವ ಮೊದಲು ಅದರ ಮೇಲೆ ಪೆಟ್ಟಿಗೆಯು 12 ವೋಲ್ಟ್ ಇಟ್ಟಿರುತ್ತದೆ. ಕಾರಿಗೆ ಸಿಕ್ಕಿಸಿದೊಡನೆ ಅದರೊಳಗಿನ ಒಂದು ರೋಧಕದಿಂದಾಗಿ ಅದು 9 ವೋಲ್ಟಿಗೆ ಇಳಿಯುತ್ತದೆ. ಚಾರ್ಜ್ ಆಗಲು ಸಿದ್ಧವಾದಾಗ ಕಾರು ಇನ್ನೊಂದು ರೋಧಕವನ್ನು ಸಮಾಂತರವಾಗಿ ಸೇರಿಸಿ 6 ವೋಲ್ಟಿಗೆ ಇಳಿಸುತ್ತದೆ. ಅದನ್ನು ಕಂಡ ಮೇಲಷ್ಟೇ ಪೆಟ್ಟಿಗೆ 230 ವೋಲ್ಟನ್ನು ಹಾಯಿಸುತ್ತದೆ. ಹಾಗಾಗಿ ನೆಲದ ಮೇಲೆ ಬಿದ್ದಿರುವ ಕೇಬಲ್ಲಿನ ತುದಿಯಲ್ಲಿ ಅಪಾಯಕಾರಿ ವೋಲ್ಟೇಜ್ ಇರುವುದಿಲ್ಲ.

ಪೆಟ್ಟಿಗೆ ಕಾರಿಗೆ ಉತ್ತರ ಹೇಳುವುದು ಇನ್ನೊಂದು ಬಗೆಯಲ್ಲಿ. ಪೈಲಟ್ ತಂತಿಯಲ್ಲಿ ಸೆಕೆಂಡಿಗೆ 1,000 ಸಲ ಮೇಲೆ ಕೆಳಗೆ ಹೋಗುವ ಚೌಕ ಅಲೆಯನ್ನು ಅದು ಕಳಿಸುತ್ತದೆ. ಪ್ರತಿ ಆವರ್ತದಲ್ಲಿ ಎಷ್ಟು ಪಾಲು ಹೊತ್ತು ಅಲೆ ಮೇಲಿರುತ್ತದೆ ಎಂಬುದೇ ಸಂದೇಶ. ಆ ಶೇಕಡಾವಾರನ್ನು 0.6ರಿಂದ ಗುಣಿಸಿದರೆ ಕಾರು ಎಳೆಯಬಹುದಾದ ಗರಿಷ್ಠ ಆಂಪಿಯರ್ ಸಿಗುತ್ತದೆ. ಶೇಕಡಾ 10 ಇದ್ದರೆ 6 ಆಂಪಿಯರ್, ಶೇಕಡಾ 25 ಇದ್ದರೆ 15, ಶೇಕಡಾ 53 ಇದ್ದರೆ 32. ಅಲೆಯ ಈ ಅಗಲವನ್ನು ಚಾರ್ಜ್ ಆಗುತ್ತಿರುವಾಗಲೇ ಬದಲಾಯಿಸಬಹುದು. ಕೆಲವೇ ಸೆಕೆಂಡುಗಳಲ್ಲಿ ಕಾರು ತನ್ನ ಪ್ರವಾಹವನ್ನು ತಗ್ಗಿಸಿಕೊಳ್ಳುತ್ತದೆ.

ಇನ್ನು ಹಂಚಿಕೆ ಸುಲಭ. ಟ್ರಾನ್ಸ್‌ಫಾರ್ಮರಿನಿಂದ ಬರುವ ಮುಖ್ಯ ಕೇಬಲ್‌ಗಳಿಗೆ ಪ್ರವಾಹ ಅಳೆಯುವ ಬಳೆಯಂಥ ಸುರುಳಿಗಳನ್ನು ತೊಡಿಸುತ್ತಾರೆ. ನಿಯಂತ್ರಕವು ಅವನ್ನು ಓದುತ್ತಾ, 266 ಆಂಪಿಯರ್ ಗೆರೆಗೆ ಎಷ್ಟು ಉಳಿದಿದೆ ಎಂದು ನೋಡಿ, ಆ ಉಳಿಕೆಯನ್ನು ಸಿಕ್ಕಿಸಿರುವ ಕಾರುಗಳಿಗೆ ಹಂಚುತ್ತದೆ. ಬೆಳಿಗ್ಗೆ ಐದೂವರೆಗೆ ಗೀಸರುಗಳು ಎದ್ದರೆ ಕಾರುಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ಪಾಲಿಗೆ 6 ಆಂಪಿಯರ್‌ಗಿಂತ ಕಡಿಮೆ ಬರುವಂತಾದರೆ ಕೆಲವನ್ನು ಸರದಿಯಂತೆ ನಿಲ್ಲಿಸುತ್ತದೆ, ಏಕೆಂದರೆ 6ಕ್ಕಿಂತ ಕೆಳಗೆ ಈ ಭಾಷೆಯಲ್ಲಿ ಹೇಳಲು ಬರುವುದಿಲ್ಲ.

ಮೊದಲ ಅರ್ಜಿದಾರರಿಗೇ ಇದನ್ನೆಲ್ಲ ಹಾಕಿಸಬೇಕೆಂದು ಹೇಳುವುದು ಅನ್ಯಾಯ. ಆದರೆ ಅವರ ಪೆಟ್ಟಿಗೆ ಮುಂದೆ ಹೊರಗಿನ ನಿಯಂತ್ರಕದ ಮಾತು ಕೇಳುವಂಥದ್ದಾಗಿರಲಿ ಎಂದು ಸಂಘ ಷರತ್ತು ಹಾಕುವುದು ನ್ಯಾಯವೇ. ಬರಿಯ ಮೂರು ಪಿನ್ನಿನ ಸಾಕೆಟ್ ಈ ಮಾತು ಕೇಳದು. ಕಾರಿನ ಜೊತೆ ಬರುವ ಸಣ್ಣ ಕೇಬಲ್ಲಿನ ನಡುವಿನ ಪೆಟ್ಟಿಗೆಯಲ್ಲೂ ಪೈಲಟ್ ಇದೆ ನಿಜ, ಆದರೆ ಅದರ ಮಿತಿಯನ್ನು ಹೊರಗಿನ ನಿಯಂತ್ರಕ ಬದಲಿಸಲಾರದು. ವಿದ್ಯುತ್ ಸ್ಕೂಟರುಗಳ ಭಾರ ಒಂದು ಕಿಲೋವಾಟಿನ ಒಳಗಿನದು. ಅವುಗಳಿಗೆ ಸಾಕೆಟ್ ಸಾಕು.

ತಂತಿಯ ಲೆಕ್ಕ

ಟ್ರಾನ್ಸ್‌ಫಾರ್ಮರಿನ ಬಗ್ಗೆ ಎಲ್ಲರೂ ವಾದಿಸುತ್ತಾರೆ. ಬೆಂಕಿ ಹತ್ತುವುದು ಮಾತ್ರ ಬೇರೆಡೆ. ಮೀಟರ್ ಕೋಣೆಯಿಂದ ಶಿಕ್ಷಕಿಯವರ ಪಾರ್ಕಿಂಗ್ ಜಾಗಕ್ಕೆ 60 ಮೀಟರ್. ಪ್ರವಾಹ ಹೋಗಿ ಬರಬೇಕಾದ್ದರಿಂದ ತಂತಿಯ ಉದ್ದ 120 ಮೀಟರ್. 2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ 7.41 ಓಮ್; ನಮ್ಮ ಉದ್ದಕ್ಕೆ 0.89 ಓಮ್. 15 ಆಂಪಿಯರಿಗೆ ವೋಲ್ಟೇಜ್ ಇಳಿತ 13 ವೋಲ್ಟ್‌ಗೂ ಹೆಚ್ಚು, ಶಾಖ 200 ವಾಟ್. ಇದು 20 ಡಿಗ್ರಿಯ ಲೆಕ್ಕ. ತಂತಿ ಬಿಸಿಯಾದಂತೆ ರೋಧ ಇನ್ನೂ ಏರುತ್ತದೆ. 6 ಚದರ ಮಿಲಿಮೀಟರ್ ತಂತಿ ಹಾಕಿದರೆ ಕಿಲೋಮೀಟರಿಗೆ 3.08 ಓಮ್. ಇಳಿತ 5.5 ವೋಲ್ಟ್, ಅಂದರೆ ಶೇಕಡಾ 2.4, ಶಾಖ 83 ವಾಟ್. ಎಲೆಕ್ಟ್ರೀಷಿಯನ್ "2.5 ಸಾಕು ಸಾರ್, ಗೀಸರಿಗೂ ಅದನ್ನೇ ಹಾಕೋದು" ಎಂದರೆ ಒಪ್ಪಬೇಡಿ. ಗೀಸರ್ ಇಪ್ಪತ್ತು ನಿಮಿಷ ಓಡುತ್ತದೆ, ಅದರ ತಂತಿ ಹತ್ತು ಹನ್ನೆರಡು ಮೀಟರ್. ಇಲ್ಲಿ ಗಂಟೆಗಟ್ಟಲೆ ಪೂರ್ಣ ಪ್ರವಾಹ, 60 ಮೀಟರ್ ದೂರ.

83 ವಾಟ್ ಇಡೀ ಉದ್ದಕ್ಕೆ ಹರಡಿಕೊಂಡಾಗ ಮೀಟರಿಗೆ ಒಂದೂವರೆ ವಾಟ್‌ಗಿಂತ ಕಡಿಮೆ, ಗಾಳಿಗೆ ಹೋಗುತ್ತದೆ. ಭಯಪಡಬೇಕಾದ್ದು ಒಂದೇ ಕಡೆ ಸೇರುವ ಶಾಖಕ್ಕೆ. ಸಾಕೆಟ್ಟಿನ ಹಿಂದಿನ ಸ್ಕ್ರೂ ಸಡಿಲವಾಗಿ ಅಲ್ಲಿ 0.1 ಓಮ್ ಸಂಪರ್ಕ ರೋಧ ಹುಟ್ಟಿತು ಎನ್ನಿ. 15 ಆಂಪಿಯರಿಗೆ 22.5 ವಾಟ್. ಪ್ರಯೋಗಶಾಲೆಯ ಬೆಸುಗೆ ಕಡ್ಡಿ ಸುಮಾರು 25 ವಾಟಿನದು. ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ಒಂದು ಬೆಸುಗೆ ಕಡ್ಡಿಯನ್ನು ಎರಡು ಗಂಟೆ ಬಿಟ್ಟಂತಾಯಿತು! ಸಾಕೆಟ್ ಕಂದುಬಣ್ಣಕ್ಕೆ ತಿರುಗುವುದು, ಪಿನ್ ಮುಟ್ಟಲಾರದಷ್ಟು ಬಿಸಿಯಾಗುವುದು, ಮೀನಿನಂಥ ವಾಸನೆ ಬರುವುದು ಇದರ ಲಕ್ಷಣಗಳು. ಬಾಲ್ಕನಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಟ್ಟು ಚಾರ್ಜ್ ಮಾಡುವವರಲ್ಲಿ ಇಂಥ ಕೀಲುಗಳು ನಾಲ್ಕಾರಿರುತ್ತವೆ. ಉಳಿದ ವೈರನ್ನು ಸುರುಳಿ ಸುತ್ತಿಟ್ಟರೆ ಅದರ ಶಾಖಕ್ಕೂ ಹೊರದಾರಿಯಿಲ್ಲ. ಅನುಮತಿ ನಿರಾಕರಿಸುವ ಸಂಘಗಳಲ್ಲಿ ಕೊನೆಗೆ ನಡೆಯುವುದು ಹೆಚ್ಚಾಗಿ ಇದೇ. ನನ್ನ ಮಟ್ಟಿಗೆ, ಅನುಮತಿ ಕೊಡಬೇಕೆನ್ನಲು ಇದಕ್ಕಿಂತ ಬಲವಾದ ಕಾರಣವಿಲ್ಲ.

ಆಘಾತದಿಂದ ರಕ್ಷಣೆಯ ಬಗ್ಗೆ ಒಂದು ಮಾತು. ಕಾರು ರಬ್ಬರ್ ಚಕ್ರಗಳ ಮೇಲೆ ನಿಂತಿದೆ, ನೆಲಕ್ಕೆ ತಾಗಿಲ್ಲ. ಒಳಗೆ ದೋಷವಾಗಿ ಲೋಹದ ಮೈಗೆ ವಿದ್ಯುತ್ ಬಂದರೆ, ಅರ್ತ್ ತಂತಿ ಸರಿಯಿಲ್ಲದಿದ್ದಾಗ, ಅದು ನೆಲಕ್ಕೆ ಇಳಿಯುವುದು ಮುಟ್ಟಿದವರ ಮೂಲಕವೇ. ಆದ್ದರಿಂದ ಒಳ್ಳೆಯ ಅರ್ತ್, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಆದರೆ ಮನೆಗಳಲ್ಲಿರುವ ಸಾಮಾನ್ಯ ಆರ್‌ಸಿಸಿಬಿ ಪರ್ಯಾಯ ಪ್ರವಾಹದ ಸೋರಿಕೆಯನ್ನಷ್ಟೇ ಗುರುತಿಸುತ್ತದೆ. ಕಾರಿನಿಂದ ನೇರ ಪ್ರವಾಹ ಸೋರಿದರೆ ಅದರ ಕಬ್ಬಿಣದ ಬಳೆ ಒಂದೇ ದಿಕ್ಕಿನಲ್ಲಿ ಕಾಂತೀಕರಣಗೊಂಡು ಪರ್ಯಾಪ್ತವಾಗುತ್ತದೆ. ಆಮೇಲೆ ನಿಜವಾದ ಸೋರಿಕೆ ಬಂದರೂ ಅದಕ್ಕೆ ಕಾಣದು. ಆದ್ದರಿಂದ 6 ಮಿಲಿಆಂಪಿಯರ್ ನೇರ ಪ್ರವಾಹದ ಸೋರಿಕೆಯನ್ನು ಪತ್ತೆಹಚ್ಚುವ ಏರ್ಪಾಡು ಪೆಟ್ಟಿಗೆಯಲ್ಲಿದೆಯೇ ಎಂದು ಕೇಳಿ ಕೊಳ್ಳಿ. ಅಂಥದ್ದಕ್ಕೆ ಎ ಮಾದರಿಯ ಆರ್‌ಸಿಸಿಬಿ ಜೊತೆಯಾದರೆ ಸಾಕು, ಇಲ್ಲದಿದ್ದರೆ ಬಿ ಮಾದರಿಯದು ಬೇಕು.

ಎಲ್ಲಿಂದ ತಂತಿ ಎಳೆಯಬೇಕು?

ಸಾಮಾನ್ಯ ಬಳಕೆಯ ಮೀಟರಿನಿಂದ ಬೇಡ. ಲಿಫ್ಟ್ ಮತ್ತು ಪಂಪಿನ ಬಿಲ್ಲಿನೊಳಗೆ ಒಬ್ಬರ ಕಾರಿನ ಬಿಲ್ ಬೆರೆತರೆ ಪ್ರತಿ ತಿಂಗಳೂ ತಕರಾರು. ಸ್ವಂತ ಮನೆಯ ಮೀಟರಿನಿಂದ ಎಳೆಯುವುದಾದರೆ, ಮೀಟರ್ ಆದ ಕೂಡಲೇ, ಜನರೇಟರಿಗೆ ಬದಲಾಗುವ ಸ್ವಿಚ್ಚಿಗಿಂತ ಮೊದಲೇ ಎಳೆಯಬೇಕು. ಈ ಒಂದು ಅಂಶವನ್ನು ಬಹಳ ಜನ ಮರೆಯುತ್ತಾರೆ. ಜನರೇಟರ್ ಮನೆಗೆ ಒಂದು ಕಿಲೋವಾಟ್ ಎಂದೋ ಏನೋ ಲೆಕ್ಕ ಹಾಕಿ ತಂದದ್ದು. ಕರೆಂಟು ಹೋದಾಗ ಮೂರೂವರೆ ಕಿಲೋವಾಟಿನ ಕಾರು ಅದರ ಹೆಗಲೇರಬಾರದು. ಡೀಸೆಲ್ ಸುಟ್ಟು ವಿದ್ಯುತ್ ಕಾರು ತುಂಬಿಸುವುದರಲ್ಲಿ ಅರ್ಥವೂ ಇಲ್ಲ.

ಮಂಜೂರಾದ 4 ಕಿಲೋವಾಟ್ ಕಾರು ಮತ್ತು ಗೀಸರ್ ಒಟ್ಟಿಗೆ ಓಡಲು ಸಾಲದು. ಹೆಚ್ಚುವರಿ ಲೋಡ್‌ಗೆ ಎಸ್ಕಾಂಗೆ ಅರ್ಜಿ ಹಾಕುವುದು ಸರಿಯಾದ ದಾರಿ; ತಿಂಗಳ ನಿಗದಿತ ಶುಲ್ಕ ಅದಕ್ಕೆ ತಕ್ಕಂತೆ ಏರುತ್ತದೆ. ಇನ್ನೊಂದು ದಾರಿ ಪ್ರತ್ಯೇಕ ಮೀಟರ್. ಗ್ರಾಹಕರ ಹಕ್ಕುಗಳ ಬಗೆಗಿನ ಕೇಂದ್ರದ ವಿದ್ಯುತ್ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ, ವಾಹನ ಚಾರ್ಜಿಂಗ್‌ಗೆ ಬೇರೆ ಸಂಪರ್ಕ ಕೇಳುವ ಅವಕಾಶ ಕೊಟ್ಟಿದೆ. ಕೇಂದ್ರ ಇಂಧನ ಸಚಿವಾಲಯದ 2024ರ ಮಾರ್ಗಸೂಚಿಯೂ ಮನೆಯ ಈಗಿನ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದೆನ್ನುತ್ತದೆ. ಆದರೆ ಇವನ್ನು ಹಿಡಿದುಕೊಂಡು ಸಂಘದವರ ಮೇಲೆ ಏರಿಹೋಗಬೇಡಿ. ಮುಖ್ಯವಾಗಿ ಇವು ಗ್ರಾಹಕ ಮತ್ತು ವಿದ್ಯುತ್ ಸರಬರಾಜು ಕಂಪನಿಯ ನಡುವಿನ ಮಾತು. ನೆಲಮಾಳಿಗೆಯ ಗೋಡೆಗೆ ಮೊಳೆ ಹೊಡೆಯಲು ನೆರೆಹೊರೆಯವರ ಒಪ್ಪಿಗೆ ಹೇಗೂ ಬೇಕು.

ಅರ್ಜಿಯ ಮಾದರಿ

ಇಷ್ಟೆಲ್ಲ ಲೆಕ್ಕವನ್ನು ಪತ್ರದಲ್ಲಿ ತುರುಕಬಾರದು. ಅಳತೆಯ ಪಟ್ಟಿಯನ್ನು ಲಗತ್ತಿಸಿ, ಪತ್ರವನ್ನು ಒಂದು ಪುಟಕ್ಕೆ ಮುಗಿಸಿ. ನಮ್ಮ ಶಿಕ್ಷಕಿಯವರ ಎರಡನೆಯ ಪತ್ರ ಹೀಗಿರಬಹುದು:

ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳಿಗೆ, ನಿವಾಸಿಗಳ ಸಂಘ.
ವಿಷಯ: ನನ್ನ ಪಾರ್ಕಿಂಗ್ ಜಾಗದಲ್ಲಿ ವಿದ್ಯುತ್ ವಾಹನ ಚಾರ್ಜಿಂಗ್ ಪಾಯಿಂಟ್ ಅಳವಡಿಸಲು ಅನುಮತಿ ಕೋರಿ.
ಮಾನ್ಯರೇ,
ನನಗೆ ಹಂಚಿಕೆಯಾದ ಪಾರ್ಕಿಂಗ್ ಜಾಗದ ಗೋಡೆಯ ಮೇಲೆ 15 ಆಂಪಿಯರಿಗೆ ಮಿತಿಗೊಳಿಸಿದ ಒಂದು ಎಸಿ ಚಾರ್ಜರ್ ಅಳವಡಿಸಲು ಅನುಮತಿ ಕೋರುತ್ತೇನೆ. ವಿದ್ಯುತ್ತನ್ನು ನನ್ನ ಮನೆಯ ಮೀಟರಿನಿಂದ, ಜನರೇಟರ್ ಬದಲಾವಣೆ ಸ್ವಿಚ್ಚಿಗಿಂತ ಮೊದಲೇ ಪಡೆಯಲಾಗುವುದು. ಲೋಡನ್ನು 4ರಿಂದ 7 ಕಿಲೋವಾಟಿಗೆ ಏರಿಸಲು ಅರ್ಜಿ ಸಲ್ಲಿಸುತ್ತೇನೆ. ಮಂಜೂರಾತಿ ಪತ್ರದ ಪ್ರತಿ ಕೊಟ್ಟ ಮೇಲೆಯೇ ಕೆಲಸ ಆರಂಭಿಸುತ್ತೇನೆ.
ಕೇಬಲ್ 6 ಚದರ ಮಿಲಿಮೀಟರ್ ತಾಮ್ರದ್ದು, ಕೊಳವೆಯೊಳಗೆ, ಲಗತ್ತಿಸಿದ ನಕ್ಷೆಯಲ್ಲಿ ತೋರಿಸಿದ ದಾರಿಯಲ್ಲಿ ಹೋಗುತ್ತದೆ. ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರು ಮಾಡಿ, ಅರ್ತ್ ಮತ್ತು ಆರ್‌ಸಿಸಿಬಿ ಪರೀಕ್ಷೆಯ ವರದಿ ಕೊಡುತ್ತಾರೆ. ವೆಚ್ಚವೆಲ್ಲ ನನ್ನದು.
ಮುಖ್ಯ ಪ್ಯಾನೆಲ್ಲಿನ ಒಂದು ವಾರದ ಅಳತೆಗಳನ್ನು ಲಗತ್ತಿಸಿದ್ದೇನೆ. ಗರಿಷ್ಠ ಪ್ರವಾಹ 205 ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಮಿತಿ 333. ಚಾರ್ಜಿಂಗನ್ನು ರಾತ್ರಿ 11ರಿಂದ 5ರ ನಡುವೆ ಮಾಡುವೆ. ಎಲ್ಲ 64 ಮನೆಗಳವರೂ ಸರದಿಯಂತೆ ಹೀಗೆಯೇ ಮಾಡಿದರೂ ಆ ಹೊತ್ತಿನ ಭಾರ ಈಗಿನ ಬೆಳಗಿನ ಭಾರವನ್ನು ಮೀರುವುದಿಲ್ಲ ಎಂಬ ಲೆಕ್ಕವೂ ಜೊತೆಗಿದೆ. ಮುಂದೆ ಸಂಘವು ಭಾರ ಹಂಚಿಕೆಯ ನಿಯಂತ್ರಕ ಅಳವಡಿಸಿದರೆ ನನ್ನ ಚಾರ್ಜರನ್ನು ಅದಕ್ಕೆ ಜೋಡಿಸಿ, ನನ್ನ ಪಾಲಿನ ವೆಚ್ಚ ಕೊಡುತ್ತೇನೆ. ಈ ಅನುಮತಿಯಿಂದ ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಮೇಲೆ ನನಗೆ ಇತರರಿಗಿಂತ ಹೆಚ್ಚಿನ ಹಕ್ಕು ಬರುವುದಿಲ್ಲವೆಂದು ಒಪ್ಪುತ್ತೇನೆ.
ಇಂತಿ ವಂದನೆಗಳೊಂದಿಗೆ.

ಕೊನೆಯ ಎರಡು ವಾಕ್ಯಗಳೇ ಈ ಪತ್ರದ ಜೀವ. "ನಿಮಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ" ಎಂಬುದಕ್ಕೆ "ಕೊಡಬಹುದು, ಹೀಗೆ" ಎಂಬ ಉತ್ತರ ಅಲ್ಲಿದೆ.

ಸಭೆಯಲ್ಲಿ ಯಾರಾದರೂ ಬ್ಯಾಟರಿ ಬೆಂಕಿಯ ಪ್ರಶ್ನೆ ಎತ್ತಿಯೇ ಎತ್ತುತ್ತಾರೆ. ಅದಕ್ಕೆ ನಗಬೇಡಿ. ಲಿಥಿಯಂ ಕೋಶವೊಂದು ಹದ ತಪ್ಪಿ ಬಿಸಿಯಾದರೆ ಆ ಶಾಖ ಪಕ್ಕದ ಕೋಶವನ್ನು ಕೆಡಿಸುತ್ತದೆ, ಅದು ಮುಂದಿನದನ್ನು. ಮೇಲೆ ಪುಡಿ ಎರಚಿದರೆ ಜ್ವಾಲೆ ಅಡಗಬಹುದು, ಒಳಗಿನ ಶಾಖ ಹೋಗದು. ಬಹಳ ನೀರು ಸುರಿದು ತಣಿಸಬೇಕು. ಹಾಗಾಗಿ ಚಾರ್ಜಿಂಗ್ ಜಾಗ ಮೆಟ್ಟಿಲಿನ ಬಾಯಿಗೆ, ಡೀಸೆಲ್ ಇಡುವ ಕೋಣೆಗೆ ಹತ್ತಿರ ಇರಬಾರದು. ಕಾರಿನ ಬಳಿಗೆ ಹೋಗದೆಯೇ ವಿದ್ಯುತ್ ಕಡಿದುಹಾಕುವ ಸ್ವಿಚ್ ಇರಬೇಕು. ಅದು ಎಲ್ಲಿದೆಯೆಂದು ಕಾವಲುಗಾರರಿಗೆ ಗೊತ್ತಿರಬೇಕು. ಜಾಗ ಅಂಥ ಕಡೆಯೇ ಇದ್ದರೆ ಇನ್ನೊಬ್ಬರೊಡನೆ ಜಾಗ ಬದಲಾಯಿಸಿಕೊಳ್ಳುವ ಮಾತನ್ನು ನೀವೇ ಮೊದಲು ಆಡಿ.

ಅನುಮತಿ ಸಿಕ್ಕು ಚಾರ್ಜರ್ ಬಂದ ಮೊದಲ ರಾತ್ರಿ ಒಂದು ಗಂಟೆ ಚಾರ್ಜ್ ಆದ ಮೇಲೆ ಕೆಳಗೆ ಹೋಗಿ ನೋಡಿ. ಪೆಟ್ಟಿಗೆ, ಪ್ಲಗ್, ಕೇಬಲ್ಲಿನ ಹೊರಮೈ ಬೆಚ್ಚಗಿರಬಹುದು, ಕೈ ಇಡಲಾಗದಷ್ಟು ಬಿಸಿ ಇರಬಾರದು. ಚಾರ್ಜರಿನ ಪರದೆ ಅಥವಾ ಕಾರಿನ ಪರದೆ ವೋಲ್ಟೇಜ್ ತೋರಿಸುವಂತಿದ್ದರೆ, ಚಾರ್ಜಿಂಗ್ ನಿಲ್ಲಿಸಿದಾಗ ಎಷ್ಟು, ನಡೆಯುವಾಗ ಎಷ್ಟು ಎಂದು ಬರೆದುಕೊಳ್ಳಿ. ಎರಡರ ನಡುವಿನ ಅಂತರ ನಿಮ್ಮ ಲೆಕ್ಕದ ಐದಾರು ವೋಲ್ಟಿನ ಆಸುಪಾಸಿನಲ್ಲಿರಬೇಕು. ಆರು ತಿಂಗಳ ಮೇಲೆ ಅದೇ ಅಂತರ ಹತ್ತು ಹನ್ನೆರಡಕ್ಕೆ ಏರಿದ್ದರೆ ಎಲ್ಲೋ ಒಂದು ಸ್ಕ್ರೂ ಸಡಿಲಗೊಂಡಿದೆ. ಕಾರನ್ನು ಬಿಡಿಸಿ, ಎಲೆಕ್ಟ್ರೀಷಿಯನ್ನನ್ನು ಕರೆಸಿ.